ಭದ್ರಮ್ಮನ ಮೆಟ್ಟು

ನಾಗಲಕ್ಷ್ಮಿಗೆ ಇದ್ದದ್ದು ಒಂದೇ ಆಸೆ. ಒಂದು ದಿನ, ಬರೀ ಒಂದು ದಿನ, ಯಾರ ಕಾಲನ್ನೂ ನೋಡದೆ ಹೋಗಿ ಮಲಗಿಬಿಡಬೇಕು. ಚಿನ್ನ ಕೇಳಿದಳೇ, ಸೈಟು ಕೇಳಿದಳೇ? ಅಷ್ಟಾದರೂ ಸಿಗಬೇಡವೇ ಒಬ್ಬ ಹೆಂಗಸಿಗೆ? ಸಿಗುತ್ತಿರಲಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ ಇದ್ದಳು. ಆ ಅತ್ತೆಗೆ ಎರಡು ಕಾಲಿದ್ದವು, ಎರಡೂ ನಾಗಲಕ್ಷ್ಮಿಯ ಪಾಲಿಗೆ ಬಂದಿದ್ದವು.

ತಮಿಳುನಾಡಿನ ಹೊಸೂರಿನ ಹತ್ತಿರ, ಸಾನಮಾವು ಕಾಡಿನ ಅಂಚಿಗೆ ಅಂಟಿಕೊಂಡ ಊರು ಅದು. ಕೋಳಿ ಕೂಗುವ ಮುಂಚೆ ಎದ್ದು ಹಾಲು ಕರೆದು, ಮುದ್ದೆ ತೊಳಸಿ, ಬಸ್ಸಾರು ಕುದಿಯಲು ಇಟ್ಟು, ಗಂಡ ರಘುನಾಥನ ಡಬ್ಬಿ ಕಟ್ಟುವಷ್ಟರಲ್ಲಿ ಹೆಂಗಸರನ್ನು ತುಂಬಿಕೊಂಡು ಹೋಗುವ ವ್ಯಾನು ಊರಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಅವಳ ಕೆಲಸ ಪ್ಲಾಸ್ಟಿಕ್ ಚಪ್ಪರದ ಗುಲಾಬಿ ಪಾಲಿಹೌಸಿನಲ್ಲಿ. ಗುಲಾಬಿ ಅಂದರೆ ನಿಮಗೆ ಇನ್ನೇನೋ ನೆನಪಾಗಬಹುದು, ನಾಗಲಕ್ಷ್ಮಿಗೆ ನೆನಪಾಗುವುದು ಸೊಂಟ ನೋವು. ಹೂವು ಕೊಯ್ದು, ಮುಳ್ಳು ಕೆರೆದು, ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ ಕಟ್ಟು ಕಟ್ಟುವುದು, ಎಲ್ಲ ನಿಂತುಕೊಂಡೇ. ರಘುನಾಥನದು ಹೊಸೂರಿನ ಕಾರ್ಖಾನೆ, ವಾರಕ್ಕೊಂದು ಶಿಫ್ಟು. ಮನೆಯ ವಿಷಯ ಏನು ಕೇಳಿದರೂ ಅವನದು ಒಂದೇ ಉತ್ತರ: "ಕಂಪನೀಲಿ ರಜಾ ಕೊಡಲ್ಲ ಕಣೆ." ಪಾಲಿಹೌಸಿನಲ್ಲಿ ಮಾತ್ರ ಹರಿವಾಣದಲ್ಲಿಟ್ಟು ಕೊಡುತ್ತಿದ್ದರು ನೋಡಿ.

ಅತ್ತೆ ಭದ್ರಮ್ಮ ಹೆಸರಿಗೆ ತಕ್ಕ ಹೆಂಗಸೇ. ವಯಸ್ಸಿನಲ್ಲಿದ್ದಾಗ ಬೀನ್ಸು, ಕೋಸು, ಟೊಮೆಟೊ ಬುಟ್ಟಿ ಹೊತ್ತು ಹೊಸೂರು ಸಂತೆಯಲ್ಲಿ ಕೂತು, ಕನ್ನಡದಲ್ಲಿ ಕರೆದು, ತೆಲುಗಿನಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಬೈದು ಕಳಿಸಿದವಳು. ಈಗ ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು. ಪಾದ ಮರಗಟ್ಟಿತ್ತು. ಮುಳ್ಳು ತುಳಿದರೂ ಕೆಂಡ ತುಳಿದರೂ ಒಂದೇ. ಬೆಳಿಗ್ಗೆ ನೆಟ್ಟಗಿರುತ್ತಿದ್ದ ಕಾಲು ಸಾಯಂಕಾಲಕ್ಕೆ ಹುದುಗಿದ ಹಿಟ್ಟಿನಂತೆ ಉಬ್ಬಿಕೊಳ್ಳುತ್ತಿತ್ತು. ತಿರುಗುವಾಗ ತೂಕ ತಪ್ಪಿ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಯಾರಾದರೂ ನೋಡಿದರೆ ಗೋಡೆಯ ಮೇಲಿನ ಧೂಳು ಒರೆಸುತ್ತಿರುವವಳಂತೆ ಕೈಯಾಡಿಸುತ್ತಿದ್ದಳು.

ಇಂಥ ಕಾಲಿಗೆ ಮೆಟ್ಟು ಹುಡುಕುವುದೆಂದರೆ ಹೆಣ್ಣಿಗೆ ಗಂಡು ಹುಡುಕಿದಂತೆ. ಎಲ್ಲ ಸರಿ ಇದ್ದರೆ ಒಂದು ಸರಿ ಇರುವುದಿಲ್ಲ. ಮೊದಲು ಇದ್ದದ್ದು ರಬ್ಬರಿನ ಹವಾಯಿ. ಹಿಂದೆ ಪಟ್ಟಿ ಇಲ್ಲ, ಬೆರಳ ಸಂದಿನಲ್ಲಿ ಬಿಗಿಹಿಡಿದು ನಡೆಯಬೇಕು, ಹಿಡಿಯುವ ಬೆರಳಿಗೋ ಗ್ಯಾನವೇ ಇಲ್ಲ. ಕೊಟ್ಟಿಗೆಗೆ ಹೋಗುವಾಗ ಚಪ್ಪಲಿ ಹಿಂದೆ ಉಳಿದು ಭದ್ರಮ್ಮ ಮುಂದೆ ಹೋದಳು, ಗಂಜಲದಲ್ಲಿ ಜಾರಿ ಬಿದ್ದಳು. ದೇವರ ದಯ, ಮೂಳೆ ಮುರಿಯಲಿಲ್ಲ. ಆಮೇಲೆ ರಘುನಾಥ ದಪ್ಪ ಸ್ಪಂಜಿನದು ತಂದ. ಮೆತ್ತಗಿದ್ದರೆ ಕಾಲಿಗೆ ಹಿತ ಅಂತ ಅವನ ಲೆಕ್ಕ. ಅದರ ಮೇಲೆ ನಿಂತರೆ ಭದ್ರಮ್ಮನ ಕಾಲು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲುತ್ತಿತ್ತು. "ಕೆಸರುಗದ್ದೇಲಿ ನಿಂತಂಗಾಯ್ತದೆ ಕಣ್ಲಾ, ನೀನೇ ಹಾಕ್ಕೊ," ಎಂದು ಮಗನ ಕಡೆಗೆ ಒದ್ದಳು.

ಆಮೇಲೆ ನಾದಿನಿ ಮಾಲಾಳ ಫೋನು ಬಂತು. ಮಾಲಾ ಇರುವುದು ಅವಲಪಲ್ಲಿಯಲ್ಲಿ. ಹೊಸೂರಿನ ಅಂಗಡಿಗಳೆಲ್ಲ ಅವಳ ಕೈಬೆರಳ ತುದಿಯಲ್ಲಿ.

"ಅತ್ತಿಗೆ, ನಿಮ್ಮ ಕೈಲಿ ಆಗಲ್ಲ ಬಿಡಿ. ಅವ್ವನಿಗೆ ಒಳ್ಳೇ ಶೂನೇ ನಾನು ತಗೊಡ್ತೀನಿ. ಒಂದು ಕಡ್ಡಿ ಅಳತೆ ಕಳ್ಸಿ ಸಾಕು."

ಕಡ್ಡಿ ಅಳತೆ ಅಂದರೆ ಆ ಕಡೆಯ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಪೊರಕೆಯಿಂದ ಒಂದು ಕಡ್ಡಿ ಕೀಳುವುದು, ಹಿಮ್ಮಡಿಯಿಂದ ಹೆಬ್ಬೆರಳಿಗೆ ಹಿಡಿದು ಮುರಿಯುವುದು, ಪೇಟೆಗೆ ಹೋಗುವವರ ಜೇಬಿಗೆ ಹಾಕುವುದು. ಮಕ್ಕಳು, ಮುದುಕರು, ಎಲ್ಲರ ಚಪ್ಪಲಿಯೂ ಹೀಗೇ ಬಂದದ್ದು. ನಾಗಲಕ್ಷ್ಮಿಯೂ ಬೆಳಿಗ್ಗೆ ವ್ಯಾನು ಬರುವ ಗಡಿಬಿಡಿಯಲ್ಲಿ, ಅತ್ತೆ ಹಾಸಿಗೆಯಲ್ಲಿ ಕೂತಿರುವಾಗಲೇ ಕಡ್ಡಿ ಹಿಡಿದು ಮುರಿದು ಗಂಡನ ಕೈಗೆ ಕೊಟ್ಟಳು. ಪಾಪ, ಕಡ್ಡಿಗೇನು ಗೊತ್ತು? ಅದಕ್ಕೆ ಉದ್ದ ಗೊತ್ತು, ಅಗಲ ಗೊತ್ತಿಲ್ಲ. ಬೆಳಗಿನ ಕಾಲು ಗೊತ್ತು, ಸಾಯಂಕಾಲದ ಕಾಲು ಗೊತ್ತಿಲ್ಲ.

ಶೂ ಬಂತು. ಕಪ್ಪಗೆ, ಮಿರಮಿರನೆ, ಮುಂದಿನ ಮೂತಿ ಗಟ್ಟಿಯಾಗಿ. ಉದ್ದಕ್ಕೆ ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ಮಗಳು ತಂದದ್ದು ಅಂತ ಭದ್ರಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಎದುರು ಮನೆ ಗೋವಿಂದಮ್ಮನಿಗೆ ತೋರಿಸಿ ಬಂದಳು. ಬಿಗಿಯಾಯ್ತೇ ಎಂದು ಕೇಳಿದರೆ, "ಏನೂ ನೋಯಾಕಿಲ್ಲ," ಎಂದಳು. ನೋವು ಗೊತ್ತಾಗುವ ಕಾಲಾದರೆ ತಾನೇ ನೋಯುವುದು.

ಎಂಟು ಹತ್ತು ದಿನ ಕಳೆದಿರಬೇಕು. ಸಾಯಂಕಾಲ ನೆಲ ಒರೆಸುವಾಗ ಸಿಮೆಂಟಿನ ಮೇಲೆ ಕಂದುಗೆಂಪು ಕಲೆ ಕಂಡಿತು. ಎಲೆಯಡಿಕೆ ಉಗುಳಿದ್ದಾರೆ ಅಂದುಕೊಂಡು ನಾಗಲಕ್ಷ್ಮಿ ಮಾವನನ್ನು ಮನಸ್ಸಿನಲ್ಲೇ ಬೈದಳು. ಮುಂದೆ ಇನ್ನೊಂದು ಕಲೆ. ಅದರ ಮುಂದೆ ಮತ್ತೊಂದು. ಕಲೆಗಳು ಹೋಗಿ ನಿಂತದ್ದು ಅತ್ತೆ ಕೂತ ಚಾಪೆಯ ಹತ್ತಿರ. ಬಲಗಾಲಿನ ಎರಡನೇ ಬೆರಳ ಒಳಬದಿಯಲ್ಲಿ, ಹೆಬ್ಬೆರಳಿಗೆ ತಾಗುವಲ್ಲಿ, ಹುಣಸೆ ಬೀಜದಷ್ಟು ಚರ್ಮ ಎದ್ದುಹೋಗಿತ್ತು. ಭದ್ರಮ್ಮ ಆರಾಮಾಗಿ ಅವರೆಕಾಯಿ ಸುಲಿಯುತ್ತಿದ್ದಳು.

"ಅತ್ತೆ, ಇದೇನು?"

"ಯಾವ್ದು?" ಎಂದು ಭದ್ರಮ್ಮ ಬಗ್ಗಿ ನೋಡಿ, "ಓ, ಇದ್ಯಾವಾಗ ಆಯ್ತೋ," ಎಂದು ಇನ್ನೊಂದು ಕಾಯಿ ಎತ್ತಿಕೊಂಡಳು.

ಮಾರನೇ ದಿನ ನಾಗಲಕ್ಷ್ಮಿಗೆ ರಜಾ ಸಿಗಲಿಲ್ಲ. ಮಾವ ಚಿಕ್ಕಮುನಿಯಪ್ಪ ಹೆಂಡತಿಯನ್ನು ಬಸ್ಸು ಹತ್ತಿಸಿಕೊಂಡು ಹೊಸೂರಿನ ಸಕ್ಕರೆ ಡಾಕ್ಟರಮ್ಮನ ಹತ್ತಿರ ಹೋದ. ಟೋಕನ್ನಿನ ಸಾಲು ಉದ್ದ ಇತ್ತಂತೆ. ಟೀ ಕುಡಿದು ಬರುತ್ತೇನೆಂದು ಈತ ಹೊರಗೆ ಹೋಗಿದ್ದಾಗ ಭದ್ರಮ್ಮನನ್ನು ಒಳಗೆ ಕರೆದರಂತೆ. ಈತ ಬರುವಷ್ಟರಲ್ಲಿ ಕಟ್ಟು ಕಟ್ಟಿ, ಮಾತ್ರೆ ಬರೆದು ಎಲ್ಲ ಮುಗಿದಿತ್ತಂತೆ.

"ಏನಂದ್ರು ಡಾಕ್ಟ್ರು?" ಎಂದು ಸಾಯಂಕಾಲ ನಾಗಲಕ್ಷ್ಮಿ ಕೇಳಿದಳು.

"ಮೆಟ್ಟು ಕಳಚ್ಬೇಕಂತೆ," ಎಂದಳು ಭದ್ರಮ್ಮ. "ಹಾಕ್ಕೊಳ್ಳೇ ಬಾರ್ದಂತೆ."

"ಮೆಟ್ಟೇ ಬೇಡವಾ? ಮೊದ್ಲಿನ ಡಾಕ್ಟ್ರು ಬರಿಗಾಲಲ್ಲಿ ಮನೆಯೊಳಗೂ ನಡೀಬೇಡ ಅಂದಿದ್ರಲ್ಲ ಅತ್ತೆ?"

"ಅವ್ರು ಹಂಗಂದ್ರು, ಇವ್ರು ಹಿಂಗಂತಾರೆ. ನಾನೇನು ಓದಿದೋಳಾ? ಗಾಳಿ ಆಡ್ಲಿ ಅಂತೇನೋ."

ನಾಗಲಕ್ಷ್ಮಿಗೆ ಇದು ಸರಿ ಅನ್ನಿಸಲಿಲ್ಲ. ಆದರೆ ಅವತ್ತು ಇಡೀ ದಿನ ನಿಂತು ಅವಳ ಮೀನಖಂಡ ಕಲ್ಲಾಗಿತ್ತು, ತಲೆ ಓಡುತ್ತಿರಲಿಲ್ಲ, ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಡಾಕ್ಟರೇ ಹೇಳಿದ ಮೇಲೆ ತನ್ನದೇನು ಎಂದು ಶೂ ಎತ್ತಿ ಅಟ್ಟದ ಮೇಲೆ ಹಾಕಿದಳು. ಅಂದಿನಿಂದ ಭದ್ರಮ್ಮ ಬರಿಗಾಲಲ್ಲಿ ಅಂಗಳ, ಕೊಟ್ಟಿಗೆ, ಹಿತ್ತಿಲು ಸುತ್ತಿದಳು. ಕಾಲಿಗೆ ಕಟ್ಟಿದ ಬಟ್ಟೆಗೆ ಸಗಣಿ ಮೆತ್ತುತ್ತಿತ್ತು, ನಾಗಲಕ್ಷ್ಮಿ ಬಂದು ಬಿಚ್ಚಿ ತೊಳೆದು ಕಟ್ಟುತ್ತಿದ್ದಳು. ಗಾಯ ವಾಸಿಯಾಗುವ ಲಕ್ಷಣವೇ ಇಲ್ಲ. ಅಂಚು ಬೆಳ್ಳಗಾಯಿತು, ನಡುವೆ ಹಳದಿ ಕೂತಿತು, ಒಂದು ದಿನ ಬಟ್ಟೆ ಬಿಚ್ಚಿದಾಗ ವಾಸನೆ ಬಂತು.

ಆ ವಾಸನೆ ಬಂದ ದಿನ ನಾಗಲಕ್ಷ್ಮಿಗೆ ನಿಜವಾಗಿ ಭಯವಾಯಿತು. ಪಕ್ಕದೂರಿನ ರಾಮಾಂಜಿನಪ್ಪನಿಗೆ ಹೀಗೇ ಬೆರಳಲ್ಲಿ ಶುರುವಾಗಿ ಮೊಣಕಾಲ ತನಕ ತೆಗೆದಿದ್ದರು. ಮಾಲಾ ಫೋನಿನಲ್ಲಿ, "ನಾನು ಅಷ್ಟು ಒಳ್ಳೇ ಶೂ ತಂದುಕೊಟ್ರೆ ಅಟ್ಟಕ್ಕೆ ಹಾಕಿದ್ದೀರಂತೆ, ಈಗ ನೋಡಿ," ಎಂದಳು. ಕಾಲು ಹೋದರೆ ಹೋಗುವುದು ಅತ್ತೆಯದು. ಹೊರುವ ಹೆಗಲೂ ಬೈಸಿಕೊಳ್ಳುವ ಬೆನ್ನೂ ತನ್ನದು. ಯಾರೂ ಕಡ್ಡಿಯನ್ನು ಬೈಯುವುದಿಲ್ಲ, ಶೂ ಮಾರಿದವನನ್ನು ಬೈಯುವುದಿಲ್ಲ. ಸೊಸೆ ನೋಡಿಕೊಳ್ಳಲಿಲ್ಲ ಅನ್ನುತ್ತಾರೆ. ನಾಗಲಕ್ಷ್ಮಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಪಾಲಿಹೌಸಿನ ಮೇಸ್ತ್ರಿಗೆ ಫೋನು ಮಾಡಿ, ಕೊಟ್ಟರೆ ರಜಾ ಕೊಡಿ, ಇಲ್ಲದಿದ್ದರೆ ಕೆಲಸ ಬಿಡ್ತೀನಿ ಎಂದಳು. ರಜಾ ಸಿಕ್ಕಿತು.

ಮೂವರೂ ಹೋದರು. ಈ ಸಲ ಚಿಕ್ಕಮುನಿಯಪ್ಪ ಟೀ ಕುಡಿಯಲು ಹೋಗಲಿಲ್ಲ, ಸೊಸೆ ಬಿಡಲಿಲ್ಲ. ಡಾಕ್ಟರಮ್ಮ ಕಟ್ಟು ಬಿಚ್ಚಿ ನೋಡಿದವರೇ ಮುಖ ಗಂಟಿಕ್ಕಿದರು. ತಮಿಳಿನವರು, ಕನ್ನಡ ಅಷ್ಟಿಷ್ಟು ಬರುತ್ತಿತ್ತು. ತೆಳ್ಳನೆ ನೈಲಾನು ದಾರವೊಂದನ್ನು ಪಾದದ ಅಲ್ಲಲ್ಲಿ ಒತ್ತಿ, "ತಿಳಿಯುತ್ತಾ?" ಎಂದು ಕೇಳಿದರು. ಭದ್ರಮ್ಮ ಸುಮ್ಮನೆ ಎಲ್ಲದಕ್ಕೂ ಹೂಂ ಅಂದಳು, ದಾರ ಒತ್ತದೆ ಇದ್ದಾಗಲೂ ಹೂಂ ಅಂದಳು. ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿ, "ರಕ್ತ ಓಡ್ತಾ ಇದೆ, ಅದು ಒಂದು ಪುಣ್ಯ," ಎಂದರು. ಆಮೇಲೆ ಸಿಟ್ಟಿನಲ್ಲಿ ಪೂರಾ ತಮಿಳಿಗೆ ಇಳಿದರು.

"ಮೆಟ್ಟಿಯೆ ಕಳಟ್ಟಣುಮ್ನು ಅನ್ನಿಕ್ಕೇ ಸೊನ್ನೇನೇ ಪಾಟಿ! ಏನ್ ಕಳಟ್ಟಲೆ?"

ಮೆಟ್ಟು ಕಳಚು ಅಂತ ಅವತ್ತೇ ಹೇಳಿದೆನಲ್ಲ ಅಜ್ಜಿ, ಯಾಕೆ ಕಳಚಿಲ್ಲ ಎಂದು ಕೇಳುತ್ತಿದ್ದಾರೆ ಅಂದುಕೊಂಡು ನಾಗಲಕ್ಷ್ಮಿ ತಕ್ಷಣ, "ಅವತ್ತಿಂದ ಮೆಟ್ಟು ಹಾಕೇ ಇಲ್ಲ ಮೇಡಂ, ಬರಿಗಾಲಲ್ಲೇ ಅವ್ರೆ," ಎಂದಳು.

"ಬರಿಗಾಲಾ?" ಡಾಕ್ಟರಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು. "ಯಾರಮ್ಮಾ ಹೇಳಿದ್ದು ಬರಿಗಾಲಲ್ಲಿ ನಡೀರಿ ಅಂತ? ನಾನು ಹೇಳಿದ್ದು ಮೆಟ್ಟಿ. ಇದು, ಇದು." ಪೆನ್ನಿನ ತುದಿಯಿಂದ ಭದ್ರಮ್ಮನ ಬೆರಳಿನ ಕಾಲುಂಗುರವನ್ನು ತೋರಿಸಿದರು.

ನಾಗಲಕ್ಷ್ಮಿಗೆ ಆಗ ಹೊಳೆಯಿತು. ತಮಿಳಿನವರಿಗೆ ಮೆಟ್ಟಿ ಅಂದರೆ ಕಾಲುಂಗುರ. ತಮ್ಮ ಮನೆಯಲ್ಲಿ ಮೆಟ್ಟು ಅಂದರೆ ಚಪ್ಪಲಿ. ಡಾಕ್ಟರು ಬೆಳ್ಳಿ ತೆಗಿ ಅಂದರೆ ಇವರು ಶೂ ತೆಗೆದು ಕೂತಿದ್ದರು. ಗಟ್ಟಿ ಮೂತಿಯ ಶೂ, ಒಳಗೆ ಉಬ್ಬಿದ ಬೆರಳು, ಬೆರಳ ನಡುವೆ ದಪ್ಪ ಉಂಗುರ. ಹೆಜ್ಜೆ ಹೆಜ್ಜೆಗೂ ಅದು ಅರೆದಿದೆ, ಆಮೇಲೆ ಬರಿಗಾಲಿನ ಕೊಳೆ ಗಾಯಕ್ಕೆ ಹೋಗಿದೆ. ಕಿವಿ ತಪ್ಪಿದ ಒಂದು ಅಕ್ಷರಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅವ್ರಿಗೆ ತಮಿಳು ಸರಿಯಾಗಿ ಅರ್ಥ ಆಗಿಲ್ಲ ಮೇಡಂ," ಎಂದಳು.

ಡಾಕ್ಟರಮ್ಮ ಒಂದು ಗಳಿಗೆ ಭದ್ರಮ್ಮನನ್ನೇ ನೋಡಿದರು. "ಅರ್ಥ ಆಗಿಲ್ವಾ? ನಾನೇ ಇಲ್ಲಿ ಕತ್ತರಿಸಿ ತೆಗೀತೀನಿ ಅಂದೆ. ವೀಟ್ಲ ಪೋಯ್ ಕಳಟ್ಟರೇನ್ ಅಂತ ಅವರೇ ಹೇಳಿದ್ದು. ಮನೆಯವರನ್ನ ಕೇಳಬೇಕು, ಮನೆಗೆ ಹೋಗಿ ತೆಗೀತೀನಿ ಅಂತ. ನನಗಿಂತ ಚೆನ್ನಾಗಿ ತಮಿಳು ಮಾತಾಡ್ತಾರೆ ಪಾಟಿ."

ಭದ್ರಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹೊಸೂರು ಸಂತೆಯಲ್ಲಿ ಮೂರು ಭಾಷೆಯಲ್ಲಿ ಬಾಯಿ ಮಾಡಿದವಳಿಗೆ ಮೆಟ್ಟಿ ಗೊತ್ತಿಲ್ಲದೆ ಇರುತ್ತದೆಯೇ? ತೆಲುಗಿನಲ್ಲೂ ಅದಕ್ಕೆ ಮೆಟ್ಟೆಲು ಅಂತಲೇ ಅನ್ನುವುದು. ಬೇಕೆಂದೇ ಹೇಳಿದ ಸುಳ್ಳು. ಗಾಯದಿಂದ ವಾಸನೆ ಬರುತ್ತಿದ್ದರೂ ಸಗಣಿಯಲ್ಲಿ ಬರಿಗಾಲಲ್ಲಿ ಓಡಾಡಿ ಕಾಪಾಡಿಕೊಂಡ ಸುಳ್ಳು. ನಾಗಲಕ್ಷ್ಮಿಯ ಮೈ ಉರಿದುಹೋಯಿತು.

"ಯಾಕತ್ತೆ ಹಿಂಗ್ ಮಾಡಿದ್ರಿ? ದಿನಾ ನಾನು ಕೂತ್ಕೊಂಡು ತೊಳೀತಿದ್ನಲ್ಲ, ಒಂದು ಮಾತು ಬರ್ಲಿಲ್ವಾ ಬಾಯಲ್ಲಿ?"

"ಹೇಳಿದ್ರೆ ನೀನು ತೆಗ್ಸಿಬಿಡ್ತಿದ್ದೆ," ಎಂದಳು ಭದ್ರಮ್ಮ ಗೋಡೆಗೆ. "ಇವ್ರು ಬದ್ಕಿರೋವಾಗ ನಾನ್ಯಾಕೆ ಕಾಲುಂಗ್ರ ತೆಗೀಲಿ? ನಮ್ಮವ್ವ ತೆಗೆದಿದ್ದು ನಮ್ಮಪ್ಪನ್ನ ಮಣ್ಣು ಮಾಡಿ ಬಂದ ದಿವ್ಸ. ಒಂದು ಬೆರಳು ಹೋದ್ರೆ ಹೋಗ್ಲಿ. ಇವ್ರಿಗೆ ಏನಾದ್ರೂ ಆದ್ರೆ?"

ಇವ್ರು ಅಂದರೆ ಬಾಗಿಲ ಹತ್ತಿರ ಟವಲು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ ಚಿಕ್ಕಮುನಿಯಪ್ಪ. ಇಡೀ ಜೀವಮಾನ ಹೆಂಡತಿ ಹತ್ತು ಮಾತಾಡಿದರೆ ಒಂದು ಮಾತಾಡಿದ ಮನುಷ್ಯ. ಸಿಟ್ಟು ಬಂದಿತ್ತೋ ಸಂಕಟವೋ, ಟವಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ. ಆಮೇಲೆ ಬಂದು ಹೆಂಡತಿ ಕೂತಿದ್ದ ಮಂಚದ ಮುಂದೆ, ರೋಗಿಗಳು ಕಾಲಿಡುವ ಸ್ಟೂಲಿನ ಮೇಲೆ ಕೂತ.

"ನಂಗೆ ಎಷ್ಟು ವಯಸ್ಸಾಯ್ತೇ ಭದ್ರಿ?" ಎಂದ.

ಅವಳು ಗೋಡೆಯ ಮೇಲಿನ ಧೂಳು ಒರೆಸಿದಳು.

"ನಾಳೆ ನಾನು ಹೋಗೋನೇಯ. ನಿನ್ನ ಬೆಳ್ಳಿ ತಡೀತದಾ ನನ್ನ? ನಾನು ಹೋದ ದಿವ್ಸ ನನ್ನ ಹಿಂದೆ ತೋಟದ ತಂಕ ನಡ್ಕೊಂಡು ಬಂದು ಒಂದು ಹಿಡಿ ಮಣ್ಣು ಹಾಕ್ಬೇಕಲ್ಲ ನೀನು. ಕುಂಟ್ಕೊಂಡು ಬತ್ತೀಯಾ? ಇಲ್ಲಾ ಇವ್ಳ ಹೆಗಲ ಮೇಲೆ ಬತ್ತೀಯಾ?"

ಭದ್ರಮ್ಮನ ಮುಖ ಗೋಡೆಯಿಂದ ಈ ಕಡೆ ತಿರುಗಿತು. ಸಂತೆಯನ್ನೆಲ್ಲ ಬಾಯಿ ಮುಚ್ಚಿಸಿದ ಹೆಂಗಸು ಅವತ್ತು ತನ್ನ ಬಾಯಿಗೇ ಸೆರಗು ಹಿಡಿದುಕೊಂಡಳು. ಚಿಕ್ಕಮುನಿಯಪ್ಪ ಅವಳ ಪಾದವನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡ. ಗಂಡನ ತೊಡೆಗೆ ಕಾಲು ತಾಗಿತೆಂದು ಅವಳು ಎಳೆದುಕೊಳ್ಳಲು ಹೋದಳು, ಅವನು ಬಿಡಲಿಲ್ಲ.

"ತೆಗೀರಿ ಮೇಡಂ," ಎಂದ. "ನಾನೇ ಹಿಡ್ಕೊಂಡಿರ್ತೀನಿ."

ಎಡಗಾಲಿನದು ಸೋಪು ಹಚ್ಚಿ, ದಾರ ಸುತ್ತಿ, ತಿರುಗಿಸಿ ತಿರುಗಿಸಿ ಜಾರಿಸಿದರು. ಬಲಗಾಲಿನದಕ್ಕೆ ಗಾಯವಿದ್ದುದರಿಂದ ದಾರ ಸುತ್ತುವ ಹಾಗಿರಲಿಲ್ಲ. ಡಾಕ್ಟರಮ್ಮ ಉಂಗುರದ ಕೆಳಗೆ ತೆಳ್ಳನೆಯ ತಗಡು ತೂರಿಸಿ, ಪುಟ್ಟ ಚಕ್ರವನ್ನು ಕೈಯಲ್ಲೇ ತಿರುಗಿಸಿ ನಿಧಾನವಾಗಿ ಕೊಯ್ದರು. ಬೆಳ್ಳಿ ಬಾಯಿ ಬಿಟ್ಟಾಗ ಅದರ ಅಡಿಯಲ್ಲಿ ಬೆರಳು ಸಣ್ಣಗೆ ಸೊಂಟ ಕಟ್ಟಿದಂತೆ ಒಳಗೆ ಹೋಗಿತ್ತು. ನಾಗಲಕ್ಷ್ಮಿಗೆ ಅಷ್ಟು ಹೊತ್ತು ಇದ್ದ ಸಿಟ್ಟು ಅದನ್ನು ನೋಡಿದ ಮೇಲೆ ಎಲ್ಲೋ ಹೋಯಿತು. ಸುಸ್ತು ಮಾತ್ರ ಉಳಿಯಿತು.

ಸತ್ತ ಚರ್ಮ ಕತ್ತರಿಸಿ, ತೊಳೆದು, ಕಟ್ಟು ಹಾಕಿದರು. ಎಕ್ಸ್‌ರೇ ತೆಗೆಸಿದರು. ಗಾಯ ಮೂಳೆಗೆ ಮುಟ್ಟಿರಲಿಲ್ಲ. ರಕ್ತ, ಮೂತ್ರ ಪರೀಕ್ಷೆಗೆ ಕೊಟ್ಟು, ಕಾಲು ಬಾತುಕೊಳ್ಳಲು ಮೊದಲಿನಿಂದ ನುಂಗುತ್ತಿದ್ದ ಬಿ.ಪಿ. ಮಾತ್ರೆಯೂ ಒಂದು ಕಾರಣ ಇರಬಹುದೆಂದು ಅದನ್ನು ಬದಲಿಸಿದರು. ಆಮೇಲೆ ನಾಗಲಕ್ಷ್ಮಿಯನ್ನು ಮುಂದೆ ಕೂರಿಸಿಕೊಂಡು ಮೆಟ್ಟಿನ ವಿಷಯಕ್ಕೆ ಬಂದರು. "ಗಾಯ ಮಾಗೋ ತನಕ ನಡೆಯೋದು ಕಮ್ಮಿ. ನಡೆದರೆ ಮುಂದೆ ತೆರೆದಿರೋ, ಬ್ಯಾಂಡೇಜಿಗೆ ಜಾಗ ಇರೋ ಸ್ಯಾಂಡಲ್ಲು. ಹಿಂದೆ ಪಟ್ಟಿ ಇರಲೇಬೇಕು. ಮನೆಯೊಳಗೂ ಹಾಕಬೇಕು. ಈಗ ಹೋಗಬೇಡಿ, ಸಾಯಂಕಾಲ ಕಾಲು ಬಾತ ಮೇಲೆ ಅಂಗಡಿಗೆ ಹೋಗಿ. ಇವರನ್ನೇ ಕರ್ಕೊಂಡು ಹೋಗಿ, ಕಡ್ಡಿಗಿಡ್ಡಿ ಬೇಡ." ಕಡ್ಡಿಯ ಕಥೆ ಡಾಕ್ಟರಿಗೆ ಹೇಗೆ ಗೊತ್ತಾಯಿತೋ. ಇಂಥ ಎಷ್ಟು ಕಡ್ಡಿ ನೋಡಿದ್ದರೋ.

ಬಸ್ ಸ್ಟ್ಯಾಂಡಿನಲ್ಲಿ ಕೂತು ಸಾಯಂಕಾಲ ಮಾಡಿದರು. ಇಡ್ಲಿ ತಿಂದರು. ಭದ್ರಮ್ಮ ಸೀರೆಯ ಅಂಚನ್ನು ಕೆಳಗೆ ಎಳೆದುಕೊಳ್ಳುತ್ತಲೇ ಇದ್ದಳು. ನಾಲ್ಕೂವರೆ ಐದಕ್ಕೆ ಪಾದ ಉಬ್ಬಿದ ಮೇಲೆ ಡಾಕ್ಟರು ಹೇಳಿದ ಬೀದಿಯ ಅಂಗಡಿಗೆ ಆಟೋದಲ್ಲಿ ಕರೆದುಕೊಂಡು ಹೋದರು.

ಅಂಗಡಿಯ ಯುವರಾಜ್ ಮಾತಿನಮಲ್ಲ. "ಷುಗರ್ ಪೇಷಂಟಾ? ವಾಂಗಮ್ಮ, ಕೂತ್ಕೊಳ್ಳಿ," ಎಂದು ಡಬ್ಬದ ಮೇಲೆ ಡಯಾಬಿಟಿಕ್ ಎಂದು ಬರೆದಿದ್ದ ಜೋಡಿಯನ್ನು ತೆಗೆದು ತೊಡಿಸಿಯೇಬಿಟ್ಟ. ಅಗಲಕ್ಕೆ ಬಿಗಿಯಾಗಿತ್ತು, ಪಾದದ ಪಕ್ಕ ಪಟ್ಟಿಯ ಮೇಲೆ ಉಕ್ಕಿ ಬಂದಿತ್ತು.

"ಬಿಗಿ ಐತಲ್ಲ," ಎಂದಳು ನಾಗಲಕ್ಷ್ಮಿ.

"ಹಾಕ್ತಾ ಹಾಕ್ತಾ ಲೂಸಾಗ್ತದಮ್ಮ."

ಈ ಮಾತನ್ನು ನಾಗಲಕ್ಷ್ಮಿ ಹುಟ್ಟಿದಾಗಿನಿಂದ ಕೇಳಿದ್ದಳು. ಎಲ್ಲ ಅಂಗಡಿಯವರೂ ಹೇಳುವುದು ಇದೇ. ಕಚ್ಚಿದರೆ ಅರಿವಾಗುವ ಕಾಲಿಗೆ ಸರಿ. ಅರಿವೇ ಇಲ್ಲದ ಕಾಲಿನಲ್ಲಿ ಮೆಟ್ಟು ಲೂಸಾಗುವ ಮುಂಚೆ ಚರ್ಮವೇ ಲೂಸಾಗುತ್ತದೆ. "ಲೂಸಾಗೋದು ಬ್ಯಾಡಣ್ಣ, ಈವತ್ತೇ ಸರಿ ಇರ್ಬೇಕು," ಎಂದಳು. ದನಿಯಲ್ಲಿ ಜಗಳವಿರಲಿಲ್ಲ, ಜಗಳಕ್ಕೆ ಶಕ್ತಿಯೇ ಇರಲಿಲ್ಲ. ಯುವರಾಜ್ ಅವಳ ಮುಖ ನೋಡಿ, ಮಾತು ಬಿಟ್ಟು, ಇನ್ನಷ್ಟು ಡಬ್ಬ ಇಳಿಸಿದ.

ಅತ್ತೆಯನ್ನು ನಿಲ್ಲಿಸಿಯೇ ಎರಡೂ ಕಾಲು ಅಳೆಸಿದಳು. ಕೂತಾಗಿನ ಪಾದ ಬೇರೆ, ಮೈಭಾರ ಬಿದ್ದಾಗಿನ ಪಾದ ಬೇರೆ. ಬಲಗಾಲು ದೊಡ್ಡದಾಗಿತ್ತು, ಅದರ ಅಳತೆಗೇ ತೆಗೆಸಿದಳು. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಬಿಟ್ಟಿದೆಯೇ ನೋಡಿದಳು. ಹೆಚ್ಚು ದೊಡ್ಡದೂ ಬೇಡ, ಮೂತಿ ನೆಲಕ್ಕೆ ತಾಗಿ ಎಡವಿ ಬೀಳುತ್ತಾಳೆ. ಅಟ್ಟೆಯನ್ನು ಕೈಯಲ್ಲಿ ತಿರುಚಿದಳು. ಬಟ್ಟೆ ಹಿಂಡಿದಂತೆ ತಿರುಗಿದ್ದನ್ನು ಪಕ್ಕಕ್ಕಿಟ್ಟಳು, ಕಾಲು ಹೂತುಹೋಗುವಷ್ಟು ದಪ್ಪ ಮೆತ್ತೆಯದನ್ನೂ ಇಟ್ಟಳು. ಕೊನೆಗೆ ಒಂದು ಸಿಕ್ಕಿತು. ತಳ ಗಟ್ಟಿ, ಅಗಲ, ಜಾರದ ಗೀರಿನದು. ಕಾಲು ತಾಗುವ ಕಡೆ ಮಾತ್ರ ಮೆದು ರಬ್ಬರು. ಮೇಲೆ ಎರಡು, ಹಿಂದೆ ಒಂದು ಅಂಟುಪಟ್ಟಿ, ಕಾಲು ಬಾತರೆ ಸಡಿಲಿಸಬಹುದು, ಇಳಿದರೆ ಬಿಗಿಮಾಡಬಹುದು. ಒಳಗೆ ಕೈ ಹಾಕಿ ಹೊಲಿಗೆಯೆಲ್ಲಾದರೂ ಎದ್ದಿದೆಯೇ ಎಂದು ಸವರಿ ನೋಡಿದಳು.

ಭದ್ರಮ್ಮ ಅದನ್ನು ಹಾಕಿಕೊಂಡು ಅಂಗಡಿಯೊಳಗೆ ಹೋಗಿ ಬಂದಳು, ತಿರುಗುವಾಗ ಗೋಡೆ ಹುಡುಕಲಿಲ್ಲ. ಆದರೂ ಮುಖ ಸಪ್ಪಗಿತ್ತು. ಸೊಸೆಯನ್ನು ಹತ್ತಿರ ಕರೆದು ಗುಟ್ಟಿನಲ್ಲಿ, "ನಾಗಿ, ಮುಂದೆ ಮುಚ್ಚಿರೋದು ಕೇಳೇ," ಎಂದಳು.

"ಗಾಯಕ್ಕೆ ತಗಲ್ತದಲ್ಲ ಅತ್ತೆ."

"ತಗಲ್ಲಿ. ಬೋಳು ಬೆರಳು ಇಟ್ಕೊಂಡು ಊರಾಗೆ ಹೆಂಗೇ ಹೋಗ್ಲಿ? ಗೋವಿಂದಿ ನೋಡಿದ್ರೆ ಬಾಯಿ ಬಿಡ್ದೆ ಬಿಡ್ತಾಳಾ?"

ಬೇಡವೆಂದರೆ ಹಟಮಾರಿ ಸೊಸೆ, ಹೂಂ ಅಂದರೆ ನಾಳೆ ಮತ್ತೆ ನೆಲದ ಮೇಲೆ ಕಲೆ. ನಾಗಲಕ್ಷ್ಮಿ ಅಂಗಡಿಯ ಸ್ಟೂಲಿನ ಮೇಲೆ ಅತ್ತೆಯ ಪಕ್ಕ ಕುಸಿದು ಕೂತಳು.

"ಗಾಯ ಮಾಗ್ಲಿ ಅತ್ತೆ. ಮಾಗಿದ್ಮೇಲೆ ಮುಂದೆ ಅಗಲವಾಗಿ, ಎತ್ತರವಾಗಿ, ಮೆತ್ತಗೆ ಮುಚ್ಚಿರೋದು ಬರ್ತದಂತೆ, ನಾನೇ ಬಂದು ಕೊಡಿಸ್ತೀನಿ. ಈಗ ಇದೇ. ನಂಗೆ ಇನ್ನು ತೊಳ್ಯೋಕೆ ಆಗಲ್ಲ ಅತ್ತೆ, ನಿಜವಾಗ್ಲೂ ಆಗಲ್ಲ," ಎಂದಳು. ಹೇಳುವಾಗ ಕಣ್ಣು ತುಂಬಿತು, ಒರೆಸಿಕೊಳ್ಳಲೂ ಇಲ್ಲ.

ಭದ್ರಮ್ಮ ಸೊಸೆಯ ಮುಖವನ್ನು ಆ ವರ್ಷದಲ್ಲಿ ಮೊದಲ ಸಲ ನೋಡಿದಳೋ ಏನೋ. ಹಾಗೇ ನೋಡುತ್ತ ಕೂತವಳು ಕಾಲು ಮುಂದಕ್ಕೆ ಚಾಚಿ, "ಕಟ್ಟು ಪಟ್ಟಿ," ಎಂದಳು.

ಮನೆಯಲ್ಲಿ ಇನ್ನೊಂದು ಯುದ್ಧ. ಹೊಸ್ತಿಲ ಒಳಗೆ ಮೆಟ್ಟು ಎಂದರೆ ಯಾರು ಒಪ್ಪುತ್ತಾರೆ? ಬೀದಿ ತುಳಿಯದ ಮೆಟ್ಟಿಗೆ ಮೈಲಿಗೆ ಇಲ್ಲ ಎಂದು ಚಿಕ್ಕಮುನಿಯಪ್ಪನೇ ತೀರ್ಪು ಕೊಟ್ಟ. ಆಟೋದಿಂದ ಇಳಿದು ಬರುವಾಗ ಮೆತ್ತಿದ್ದನ್ನು ನಾಗಲಕ್ಷ್ಮಿ ತೊಳೆದು ಒಣಗಿಸಿದಳು, ಅಂದಿನಿಂದ ಅದು ಮನೆಯೊಳಗಿನದು. ದೇವರ ಗೂಡಿನ ಮುಂದೆ ಮಾತ್ರ ಭದ್ರಮ್ಮ ಹೋಗಲಿಲ್ಲ, ನಡುಮನೆಯ ಕುರ್ಚಿಯಿಂದಲೇ ಕೈಮುಗಿದಳು. ಮೊದಮೊದಲು ಒಂದೊಂದು ಗಂಟೆ ಹಾಕಿಸಿ, ಬಿಚ್ಚಿ, ಎಲ್ಲಾದರೂ ಕೆಂಪಗಾಗಿದೆಯೇ ಎಂದು ನೋಡಬೇಕಿತ್ತು. ನೋಡಿದವಳು ನಾಗಲಕ್ಷ್ಮಿಯೇ, ಇನ್ನ್ಯಾರು? ಮಾಲಾ ಫೋನು ಮಾಡಿ ಎರಡು ಮಾತು ಅಂದಳು. ಭದ್ರಮ್ಮ ಫೋನು ಇಸಿದುಕೊಂಡು, "ನೀನು ಬಂದು ಒಂದು ವಾರ ತೊಳಿ ಬಾರವ್ವ, ಆಮೇಲೆ ಮಾತಾಡು," ಎಂದು ಕಟ್ ಮಾಡಿದಳು.

ಗಾಯ ನಿಧಾನಕ್ಕೆ ಅಂಚಿನಿಂದ ಮುಚ್ಚುತ್ತ ಬಂತು. ಕೊನೆಯ ಕಟ್ಟು ಬಿಚ್ಚಿದ ಮೇಲೆ ಡಾಕ್ಟರಮ್ಮ, ಹೊಸ ಚರ್ಮ ಎಳೆಯದು, ಹುಷಾರು, ಇನ್ನು ಜನ್ಮವಿಡೀ ದಿನಾ ಕಾಲು ನೋಡಿಕೊಳ್ಳಬೇಕು ಎಂದರು. ಜನ್ಮವಿಡೀ ಎಂಬ ಮಾತು ಕೇಳಿ ನಾಗಲಕ್ಷ್ಮಿ ಸುಮ್ಮನೆ ತಲೆಯಾಡಿಸಿದಳು. ಹೇಳಿದ ಮಾತಿನಂತೆ ಆವತ್ತೇ ಸಾಯಂಕಾಲ ಬೀದಿಗೆಂದು ಅಗಲ ಮೂತಿಯ ಮೆದು ಶೂ ಕೂಡ ಕೊಡಿಸಿಕೊಂಡು ಬಂದಳು. ಬೆರಳೆಲ್ಲ ಮುಚ್ಚುತ್ತಿತ್ತು. ಯಾರಿಗೂ ಏನೂ ಕಾಣುತ್ತಿರಲಿಲ್ಲ.

ಮರುದಿನ ಭಾನುವಾರ. ಬಿಸಿಲು ಬಿದ್ದ ಜಗಲಿಯ ಮೇಲೆ ಅತ್ತೆಯ ಪಾದವನ್ನು ಮಡಿಲಲ್ಲಿಟ್ಟುಕೊಂಡು ಬೆರಳ ಸಂದಿ ಬಿಡಿಸಿ ನೋಡುತ್ತ ಕೂತಿದ್ದಾಗ ಎದುರು ಮನೆ ಗೋವಿಂದಮ್ಮ ಸೀದಾ ಅಂಗಳಕ್ಕೇ ಬಂದುಬಿಟ್ಟಳು. ಜಗಲಿಯ ಇನ್ನೊಂದು ತುದಿಯಲ್ಲಿ ಚಿಕ್ಕಮುನಿಯಪ್ಪ ಹಗ್ಗ ಹೊಸೆಯುತ್ತಿದ್ದ. ನಾಗಲಕ್ಷ್ಮಿ ಸೀರೆ ಎಳೆದು ಮುಚ್ಚುವಷ್ಟರಲ್ಲಿ ಗೋವಿಂದಮ್ಮನ ಕಣ್ಣು ಬೋಳು ಬೆರಳಿನ ಮೇಲೆ ಬಿದ್ದಾಗಿತ್ತು.

"ಅಯ್ಯೋ ಶಿವನೇ, ಇದೇನ್ ಭದ್ರಕ್ಕ, ಗಂಡ ಕುಂತಿರಂಗೇ ಕಾಲುಂಗ್ರ ತೆಗ್ದೀಯ?"

ಹಗ್ಗ ಹೊಸೆಯುವ ಕೈ ನಿಂತಿತು. ಅತ್ತೆ ಈಗ ಕಾಲು ಎಳೆದುಕೊಂಡು ಒಳಗೆ ಹೋಗುತ್ತಾಳೆ, ನಾಳೆಯಿಂದ ಎಲ್ಲ ಮೊದಲಿನಿಂದ ಎಂದುಕೊಂಡಳು ನಾಗಲಕ್ಷ್ಮಿ. ಭದ್ರಮ್ಮ ಕಾಲು ಎಳೆದುಕೊಳ್ಳಲಿಲ್ಲ. ಸೊಸೆ ಮುಚ್ಚಿದ್ದ ಸೀರೆಯನ್ನು ತಾನೇ ಸ್ವಲ್ಪ ಮೇಲಕ್ಕೆತ್ತಿ ಕೂತಳು.

"ಉಂಗ್ರ ಪೆಟ್ಟಿಗೇಲೈತೆ," ಎಂದಳು. "ಗಂಡ ಜಗಲಿ ಮೇಲವ್ನೆ. ಕಾಲು ನನ್ನ ಸೊಸೆ ಮಡ್ಲಾಗೈತೆ. ಇದ್ರಾಗೆ ಯಾವ್ದು ಕಮ್ಮಿ ಆಗೈತೆ ಹೇಳೇ ಗೋವಿಂದಿ?"